ಬೀದರ್ ವಿಮಾನಕ್ಕೆ ಕನಸಿನ ಮಾತು ಸಾಲದು

ಸಣ್ಣ ಊರಿನಿಂದ ಮಹಾನಗರಕ್ಕೆ ಕಡಿಮೆ ದರದ ವಿಮಾನ ಶುರುವಾದಾಗ ಅದರ ಟ್ಯಾಗ್‌ಲೈನ್ ಹೇಗಿರಬೇಕು ಎಂಬ ಬಗ್ಗೆ ಜಾಹೀರಾತಿನವರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಕನಸಿಗೆ ರೆಕ್ಕೆ ಬಂದಿರಬೇಕು, ದೂರ ಕರಗಿರಬೇಕು, ದರ ಬಸ್ಸಿನಷ್ಟೇ ಎನ್ನಬೇಕು. ನಾಲ್ಕೇ ಪದ, ಅದರಲ್ಲಿ ಭಾವನೆ. ಉಳಿದ ವಿವರ ವೇಳಾಪಟ್ಟಿಯಲ್ಲಿದ್ದರೆ ಸಾಕು ಎಂಬುದು ಅವರ ವಾದ. ಬೀದರ್–ಬೆಂಗಳೂರು ಮಾರ್ಗವನ್ನು ಮುಂದಿಟ್ಟುಕೊಂಡು ನೋಡಿದರೆ ಈ ವಾದ ನಿಲ್ಲುವುದಿಲ್ಲ ಎಂದು ನನ್ನ ನಂಬಿಕೆ.

ಕನಸಿನ ಮಾತಿಗೂ ಒಂದು ಕಾಲವಿತ್ತು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ವಿಮಾನವೆಂದರೆ ದೊಡ್ಡವರ ಸವಾರಿ ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿತ್ತು. ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನೇ ಸಂಸ್ಥೆಯ ಗುರುತಾಗಿ ಬಳಸಿಕೊಂಡದ್ದು ಆ ಅಳುಕಿಗೆ ಸಿಕ್ಕ ಸರಿಯಾದ ಉತ್ತರ. ಚೌಕುಳಿ ಕೋಟು ತೊಟ್ಟ ಆ ಮುದುಕ ವಿಮಾನ ಹತ್ತಬಹುದಾದರೆ ನಾನೂ ಹತ್ತಬಹುದು ಎಂದು ಓದುಗನಿಗೆ ಅನಿಸುತ್ತಿತ್ತು. ಅಂದು ಅದು ಬರಿಯ ಭಾವನೆಯಾಗಿರಲಿಲ್ಲ, ನಿಜವಾದ ಹೊಸ ಸುದ್ದಿಯೇ ಆಗಿತ್ತು. ಇಂದಿನ ಬೀದರ್‌ನಲ್ಲಿ ಆ ಸುದ್ದಿ ಹಳತಾಗಿದೆ. ಅಲ್ಲಿನ ವ್ಯಾಪಾರಿ, ವೈದ್ಯ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗನ ತಂದೆ, ಇವರಲ್ಲಿ ಎಷ್ಟೋ ಮಂದಿ ಈಗಾಗಲೇ ವಿಮಾನ ಹತ್ತಿದ್ದಾರೆ. ಹತ್ತಿದ್ದು ಮಾತ್ರ ಹೈದರಾಬಾದಿನಲ್ಲಿ.

ಟ್ಯಾಗ್‌ಲೈನ್ ಬರೆಯುವವರು ಮೊದಲು ಹಿಡಿಯಬೇಕಾದ ಸಂಗತಿ ಇದೇ. ಈ ಮಾರ್ಗಕ್ಕೆ ಇನ್ನೊಂದು ವಿಮಾನ ಸಂಸ್ಥೆ ದೊಡ್ಡ ಎದುರಾಳಿಯಲ್ಲ. ಎದುರಾಳಿಗಳು ಬೇರೆಯೇ ಎರಡು. ಒಂದು, ರಾತ್ರಿ ಹೊರಡುವ ಸ್ಲೀಪರ್ ಬಸ್ಸು ಮತ್ತು ರೈಲು. ಇನ್ನೊಂದು, ಕಾರಿನಲ್ಲಿ ಮೂರು ತಾಸಿನ ಆಸುಪಾಸಿನ ದಾರಿಯಲ್ಲಿರುವ ಶಂಷಾಬಾದ್ ವಿಮಾನ ನಿಲ್ದಾಣ. ಅಲ್ಲಿಂದ ಬೆಂಗಳೂರಿಗೆ ದಿನವಿಡೀ ವಿಮಾನಗಳಿವೆ. ಒಂದು ತಪ್ಪಿದರೆ ಇನ್ನೊಂದು.

‘ಒಂದೇ ಗಂಟೆಯಲ್ಲಿ ಬೆಂಗಳೂರು’ ಎಂಬ ಮಾದರಿಯ ಸಾಲು ಈ ಎದುರಾಳಿಗಳ ಮುಂದೆ ಏನಾಗುತ್ತದೆ ನೋಡೋಣ. ಹಾರಾಟದ ಸಮಯ ಗಂಟೆಗಿಂತ ತುಸು ಹೆಚ್ಚು, ಸರಿ. ಆದರೆ ಮನೆಯಿಂದ ನಿಲ್ದಾಣಕ್ಕೆ ಹೋಗಬೇಕು, ಕೌಂಟರ್ ಮುಚ್ಚುವ ಮೊದಲೇ ತಲುಪಬೇಕಾದ್ದರಿಂದ ಹೊರಡುವುದಕ್ಕೆ ಒಂದೂವರೆ ತಾಸು ಮುಂಚೆ ಅಲ್ಲಿರಬೇಕು. ಇಳಿದು ಸಾಮಾನು ತೆಗೆದುಕೊಳ್ಳಲು ಅರ್ಧ ತಾಸು. ಆಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್ ಸುಮಾರು 35 ಕಿಲೋಮೀಟರ್. ಸಂಚಾರ ದಟ್ಟಣೆ ಇದ್ದರೆ ಒಂದೂವರೆ ತಾಸು ಅಲ್ಲೇ ಹೋಗುತ್ತದೆ. ಒಟ್ಟು ಐದು ತಾಸಿನ ಹತ್ತಿರ, ಅದೂ ಹಗಲಿನ ಐದು ತಾಸು. ಬಸ್ಸಿಗೆ ಹನ್ನೆರಡು ತಾಸು ಬೇಕಾದರೂ ಅದು ರಾತ್ರಿಯ ಹೊತ್ತು. ಅಂಗಡಿ ಮುಚ್ಚಿ ಹತ್ತಿದವನು ಕಚೇರಿ ತೆರೆಯುವ ಹೊತ್ತಿಗೆ ಬೆಂಗಳೂರಿನಲ್ಲಿರುತ್ತಾನೆ. ಅವನ ಲೆಕ್ಕದಲ್ಲಿ ಬಸ್ಸು ಒಂದು ತಾಸನ್ನೂ ತಿನ್ನುವುದಿಲ್ಲ. ವೇಗದ ಘೋಷಣೆ ಅವನಿಗೆ ನಾಟದಿರುವುದು ಇದರಿಂದ.

ಬಸ್ಸು ತಿನ್ನುವುದು ನಿದ್ದೆಯನ್ನು ಮತ್ತು ಮೈಯನ್ನು. ಬೆಂಗಳೂರಿನ ಆಸ್ಪತ್ರೆಗೆ ತಪಾಸಣೆಗೆ ಹೊರಟ ಎಪ್ಪತ್ತರ ಅಜ್ಜಿಗೆ ಮೇಲಿನ ಬರ್ತ್ ಏರುವುದು, ನಡುರಾತ್ರಿ ಡಾಬಾದ ಮುಂದೆ ಇಳಿಯುವುದು, ಶೌಚಾಲಯಕ್ಕಾಗಿ ಚಾಲಕನನ್ನು ಬೇಡುವುದು ಎಷ್ಟು ಕಷ್ಟವೆಂದು ಜೊತೆಗೆ ಹೋದವರೆಲ್ಲರಿಗೂ ಗೊತ್ತು. ಈ ವಿಮಾನ ನಿಜವಾಗಿ ಕೊಡುವುದು ಆ ರಾತ್ರಿಯನ್ನು. ಹಾಗಾಗಿ ನಾನು ಬರೆಯುವುದಾದರೆ ಸಾಲು ಹೀಗಿರುತ್ತದೆ: ‘ರಾತ್ರಿ ಮನೆಯಲ್ಲೇ ಮಲಗಿ, ನಾಳೆ ಬೆಂಗಳೂರಿಗೆ ಹೊರಡಿ.’ ಇದರಲ್ಲಿ ರೆಕ್ಕೆಯಿಲ್ಲ, ಆಕಾಶವಿಲ್ಲ. ಆದರೆ ಸ್ಲೀಪರ್ ಬಸ್ಸು ಎಂದೂ ಆಡಲಾಗದ ಮಾತು ಇದು. ಹೈದರಾಬಾದಿಗೆ ಕಾರು ತೆಗೆಯುವವರಿಗೆ ಇನ್ನೂ ಚಿಕ್ಕದು ಸಾಕು: ‘ಬೀದರ್‌ನಲ್ಲೇ ಹತ್ತಿ.’

ದರದ ಮಾತು ಇನ್ನೂ ಸೂಕ್ಷ್ಮ. ಉಡಾನ್ ಯೋಜನೆ ಶುರುವಾದಾಗ ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಮಿತಿ ಎಂದು ಎಲ್ಲೆಡೆ ಪ್ರಚಾರವಾಯಿತು. ಆ ಮಿತಿ ವಿಮಾನದ ಎಲ್ಲ ಸೀಟುಗಳಿಗೂ ಇರಲಿಲ್ಲ. ಸಾಮಾನ್ಯವಾಗಿ ಅರ್ಧಕ್ಕೆ ಮಾತ್ರ. ಎಪ್ಪತ್ತು ಸೀಟಿನ ಎಟಿಆರ್‌ನಲ್ಲಿ ಮೂವತ್ತೈದು ಸೀಟು ಹೋದ ಮೇಲೆ ಉಳಿದವು ಮಾರುಕಟ್ಟೆ ದರಕ್ಕೆ. ‘ಬಸ್ಸಿನ ದರಕ್ಕೆ ವಿಮಾನ’ ಎಂಬ ಫಲಕ ನೋಡಿ, ಮದುವೆ ಸೀಸನ್ನಿನಲ್ಲಿ ಎರಡು ದಿನ ಮುಂಚೆ ಟಿಕೆಟ್ ಹುಡುಕಿದವನಿಗೆ ಸಿಗುವುದು ಉಳಿದರ್ಧದ ದರ. ಒಮ್ಮೆ ಹಾಗಾದವನು ಮುಂದಿನ ಸಲ ಆ್ಯಪ್ ತೆರೆಯುವುದೂ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ, ಹೇಳಿದ ಬೆಲೆಗೆ ಸಾಕಷ್ಟು ಪೂರೈಕೆಯಿಲ್ಲದೆ ಆಮಿಷವೊಡ್ಡುವ ಜಾಹೀರಾತನ್ನು ಒಪ್ಪುವುದಿಲ್ಲ. ಕಾನೂನು ಹಾಗಿರಲಿ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಒಬ್ಬನಿಗೆ ಆದ ನಿರಾಶೆ ವಾರದೊಳಗೆ ಐವತ್ತು ಮನೆ ಮುಟ್ಟುತ್ತದೆ. ದರ ಹೇಳಲೇಬೇಕೆಂದರೆ ಎಷ್ಟು ದಿನ ಮುಂಚೆ ಕಾದಿರಿಸಿದರೆ ಆ ದರ ಎಂಬುದೂ ಅದೇ ಗಾತ್ರದ ಅಕ್ಷರದಲ್ಲಿ ಇರಬೇಕು.

ಎಲ್ಲಕ್ಕಿಂತ ದೊಡ್ಡ ವಿಷಯವನ್ನು ಟ್ಯಾಗ್‌ಲೈನ್‌ಗಳು ಮುಟ್ಟುವುದೇ ಇಲ್ಲ. ಬೀದರ್‌ನಿಂದ ಬೆಂಗಳೂರಿಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಹಾರಾಟ ಆರಂಭಿಸಿತು. ಕೆಲವೇ ವಾರಗಳಲ್ಲಿ ಕೊರೋನಾ ಬಂತು. ಮುಂದೆ ಆ ಸಂಸ್ಥೆಯೇ ಹಾರಾಟ ನಿಲ್ಲಿಸಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಡಿಸೆಂಬರ್‌ನಲ್ಲಿ ಅದೂ ನಿಂತಿತು. ಮತ್ತೆ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ. ಇದು ಬೀದರ್ ಒಂದರ ಕಥೆಯಲ್ಲ. ಉಡಾನ್ ಅಡಿ ಹಂಚಿಕೆಯಾದ 774 ಮಾರ್ಗಗಳಲ್ಲಿ ಹಾರಾಟ ಆರಂಭಿಸಿದ್ದು 371, ಅವುಗಳಲ್ಲಿ ಮೂರು ವರ್ಷದ ಸಹಾಯಧನದ ಅವಧಿ ಪೂರೈಸಿದ್ದು 112 ಎಂದು ಮಹಾಲೇಖಪಾಲರ 2023ರ ವರದಿ ದಾಖಲಿಸಿದೆ. ಇಂಥ ಚರಿತ್ರೆ ಇರುವ ಊರಿನಲ್ಲಿ ಜನ ಕೇಳುವ ಪ್ರಶ್ನೆ ಎಷ್ಟು ಬೇಗ, ಎಷ್ಟು ಅಗ್ಗ ಎಂಬುದಲ್ಲ. ‘ಈ ಸಲಾನಾದ್ರೂ ಇರ್ತದೇನ್ರೀ?’ ಎಂಬುದು. ಮಗಳ ಹೆರಿಗೆಗೆಂದು ಎರಡು ತಿಂಗಳ ಮುಂಚೆ ಟಿಕೆಟ್ ತೆಗೆಯುವವರಿಗೆ ಬೇರೆ ಪ್ರಶ್ನೆಯೇ ಇಲ್ಲ.

ಈ ಪ್ರಶ್ನೆಗೆ ಟ್ಯಾಗ್‌ಲೈನೇ ಉತ್ತರ ಕೊಡಲಿ ಎಂದರೆ ಸಂಸ್ಥೆಗಳು ಎತ್ತುವ ಆಕ್ಷೇಪ ನನಗೆ ಅರ್ಥವಾಗುತ್ತದೆ. ಸಹಾಯಧನ ಯಾವಾಗ ಮುಗಿಯುವುದೋ, ವಿಮಾನ ಯಾವಾಗ ದುರಸ್ತಿಗೆ ಹೋಗುವುದೋ, ಹೀಗಿರುವಾಗ ‘ಸದಾ ನಿಮ್ಮೊಂದಿಗೆ’ ಎಂದು ಬರೆದುಕೊಡಲು ಯಾರಿಗೆ ಧೈರ್ಯ? ಬೀದರ್ ನಿಲ್ದಾಣ ವಾಯುಪಡೆಯ ನೆಲೆಯೊಳಗೇ ಇರುವುದರಿಂದ ವೇಳೆಯ ಆಯ್ಕೆಯೂ ಸಂಸ್ಥೆಯೊಂದರ ಕೈಯಲ್ಲಿಲ್ಲ. ಆದರೆ ಯಾರೂ ಶಾಶ್ವತದ ಭಾಷೆ ಕೇಳುತ್ತಿಲ್ಲ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಋತುವಿನದು: ಮಾರ್ಚ್ ಕೊನೆಯ ಭಾನುವಾರದಿಂದ ಬೇಸಿಗೆಯದು, ಅಕ್ಟೋಬರ್ ಕೊನೆಯ ಭಾನುವಾರದಿಂದ ಚಳಿಗಾಲದ್ದು. ಒಂದು ಋತುವಿಗೆ ಒಪ್ಪಿಗೆ ಪಡೆದ ವೇಳಾಪಟ್ಟಿ ಸಂಸ್ಥೆಯ ಕೈಯಲ್ಲೇ ಇರುತ್ತದೆ. ಅಷ್ಟರ ಮಟ್ಟಿಗೆ ಮಾತು ಕೊಡಬಹುದು. ‘ಬೀದರ್‌ನಲ್ಲೇ ಹತ್ತಿ’ ಎಂಬ ಸಾಲಿನ ಕೆಳಗೆ ವಾರದ ಯಾವ ದಿನ, ಎಷ್ಟು ಗಂಟೆಗೆ, ಯಾವ ತಿಂಗಳ ಕೊನೆಯವರೆಗೆ ಎಂದು ಬರೆದು, ಹಾರಾಟ ರದ್ದಾದರೆ ಹೈದರಾಬಾದಿನಿಂದ ಕಳುಹಿಸುತ್ತೇವೆ ಎಂದು ಸೇರಿಸಿದರೆ, ಆ ಫಲಕವನ್ನು ಬೀದರ್ ಬಸ್ ನಿಲ್ದಾಣದಲ್ಲಿ, ಸ್ಲೀಪರ್ ಬಸ್ಸಿನ ಬುಕಿಂಗ್ ಕೌಂಟರ್ ಪಕ್ಕದಲ್ಲೇ ಹಾಕಬಹುದು.