ಸಕ್ಕರೆಯ ಮೇಲಿನ ಆರೋಪ

ಆಸ್ಪತ್ರೆಯ ಗೋಡೆಗೆ ಅಂಟಿಸುವ ‘ತಪ್ಪು ತಿಳಿವಳಿಕೆ – ವಾಸ್ತವ’ ಎಂಬ ಎರಡು ಅಂಕಣದ ಭಿತ್ತಿಪತ್ರಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು. ಸಕ್ಕರೆಯಿಂದ ಕ್ಯಾನ್ಸರ್ ಬರದು, ಪೆಟ್ಟಿನಿಂದ ಬರದು, ಅದು ಅಂಟುರೋಗವಲ್ಲ. ಮೂರೂ ಸಾಲು ಬಹುಮಟ್ಟಿಗೆ ಸರಿ. ಆದರೂ ಶಿವಯೋಗ ಮಂದಿರದ ಆಸುಪಾಸಿನಲ್ಲಿ, ಬಾದಾಮಿ, ಇಳಕಲ್ಲಿನ ಕಡೆ, ರೋಗಿಯ ತಾಟಿನಿಂದ ಮೊದಲು ಮಾಯವಾಗುವುದು ಹುಗ್ಗಿ, ಮಾದಲಿ. ‘ಸಕ್ರಿ ಬಿಡಸ್ರಿ, ಗಡ್ಡಿ ತಾನ ಒಣಗತೈತಿ’ ಎನ್ನುವ ಹಿತೈಷಿಗೆ ಭಿತ್ತಿಪತ್ರದಲ್ಲಿ ಉತ್ತರವೇ ಇಲ್ಲ.

ಅವನ ಕೈಯಲ್ಲಿ ಪುರಾವೆ ಬೇರೆ ಇದೆ, ಪೆಟ್ ಸ್ಕ್ಯಾನ್. ವಿಕಿರಣ ಸೂಸುವ, ಗ್ಲೂಕೋಸನ್ನೇ ಹೋಲುವ ವಸ್ತುವನ್ನು ರಕ್ತಕ್ಕೆ ಚುಚ್ಚಿದರೆ ಗಡ್ಡೆ ಅದನ್ನು ಹೀರಿ ಬೆಳಗುತ್ತದೆ. ಗಡ್ಡೆಗಿರುವ ಈ ಹಸಿವನ್ನು ಜರ್ಮನಿಯ ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಆದರೆ ಅದೇ ಚಿತ್ರದಲ್ಲಿ ಮಿದುಳೂ ಧಗಧಗ ಬೆಳಗುತ್ತಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಸ್ಕ್ಯಾನಿಗೆ ಮೊದಲು ರೋಗಿಯನ್ನು ನಾಲ್ಕಾರು ತಾಸು ಉಪವಾಸ ಇಟ್ಟಿರುತ್ತಾರೆ. ಹೊಟ್ಟೆಗೆ ಸಕ್ಕರೆ ಬೀಳದಿದ್ದಾಗಲೂ ಗಡ್ಡೆಗೆ ಗ್ಲೂಕೋಸ್ ಸಿಗುತ್ತಿದೆ! ಇಡೀ ದೇಹದ ರಕ್ತದಲ್ಲಿ ಯಾವುದೇ ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಚಮಚ. ಊಟ ತಪ್ಪಿದರೆ ಯಕೃತ್ತು ತನ್ನ ಸಂಗ್ರಹದಿಂದ, ಅದೂ ಮುಗಿದರೆ ಮಾಂಸಖಂಡ ಕರಗಿಸಿ ಆ ಚಮಚವನ್ನು ತುಂಬಿಡುತ್ತದೆ. ಬಾಯಿ ಕ್ಯಾನ್ಸರಿಗೆ ವಿಕಿರಣ ತೆಗೆದುಕೊಳ್ಳುತ್ತಿರುವವನ ಬಾಯೆಲ್ಲ ಹುಣ್ಣು, ರೊಟ್ಟಿ ಇಳಿಯದು. ಇಳಿಯುವ ಪಾಯಸ, ಬೆಲ್ಲದ ಹಾಲನ್ನೂ ತಪ್ಪಿಸಿದರೆ ಸೊರಗುವವನು ಅವನೇ, ಗಡ್ಡೆಯಲ್ಲ. ತೂಕ ಇಳಿದು ಚಿಕಿತ್ಸೆಯೇ ನಡುವೆ ನಿಲ್ಲಬಹುದು. ಸಕ್ಕರೆಯ ಅಪರಾಧ ಇರುವುದು ಬೇರೆ ಕಡೆ: ಅತಿಯಾದರೆ ಬೊಜ್ಜು, ಬೊಜ್ಜಿನಿಂದ ಗರ್ಭಕೋಶ, ದೊಡ್ಡಕರುಳು ಮೊದಲಾದ 13 ಬಗೆಯ ಕ್ಯಾನ್ಸರಿನ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿತು.

ಇಷ್ಟೆಲ್ಲ ಬಿಡಿಸಿ ಹೇಳಿದರೆ ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ನಮ್ಮ ವಿಚಾರವಾದಿ ಮಿತ್ರರ ತಕರಾರು. ಗೊಂದಲ ಹುಟ್ಟಿಸುವುದು ಅವರ ಮೊಟಕು ಸಾಲೇ. ಒಂದೇ ತಾಟಿನಲ್ಲಿ ಉಂಡರೆ ಕ್ಯಾನ್ಸರ್ ಅಂಟದು, ಖರೆ. ಆದರೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣು ಲೈಂಗಿಕ ಸಂಪರ್ಕದಿಂದ ಅಂಟುತ್ತದೆ. ಅದನ್ನು ತೋರಿಸಿದ ಹೆರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ‘ಅಂಟುರೋಗವಲ್ಲ’ ಎಂದಷ್ಟೇ ಓದಿದ ತಾಯಿ, ಹಾಗಾದರೆ ಮಗಳಿಗೆ ಲಸಿಕೆ ಯಾಕೆ ಎಂದು ಕೇಳಿದರೆ ಈ ಮಿತ್ರರು ಏನು ಹೇಳುತ್ತಾರೆ?

ಪೆಟ್ಟಿನ ವಿಷಯ ಸಣ್ಣದು. ಏಟು ಬಿದ್ದ ಜಾಗ ಮುಟ್ಟಿ ನೋಡುವಾಗ ಮೊದಲೇ ಇದ್ದ ಗಡ್ಡೆ ಕೈಗೆ ಸಿಗುತ್ತದೆ, ದೂರು ಏಟಿನ ಮೇಲೆ. ವರ್ಷಗಟ್ಟಲೆ ಮಾಯದ ಸುಟ್ಟ ಗಾಯ ಕ್ಯಾನ್ಸರಾಗುವುದುಂಟು, ಅಪರೂಪಕ್ಕೆ. ನಮ್ಮ ಕಡೆ ಹಾನಿ ಮಾಡುವುದು ಹಲ್ಲಿನ ಮೇಲಿನ ದೂರು. ಕೆನ್ನೆಯ ಒಳಗಿನ ಹುಣ್ಣಿಗೆ ಚೂಪು ಹಲ್ಲೇ ಕಾರಣವೆಂದು ಅದನ್ನು ಕೀಳಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಅದೇ ಕೆನ್ನೆಯಲ್ಲಿ ಗುಟಕಾ ಮುಂದುವರಿದಿರುತ್ತದೆ. ತಂಬಾಕು, ಅಡಿಕೆ ಎರಡೂ ಸಾಬೀತಾದ ಕ್ಯಾನ್ಸರ್‌ಕಾರಕಗಳು. ಮೂರು ವಾರ ಕಳೆದರೂ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಬೇಕು, ಅವರು ಹೇಳಿದರೆ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು ಎನ್ನುವ ಸಾಲು ಭಿತ್ತಿಪತ್ರದ ಎರಡು ಅಂಕಣದಲ್ಲಿ ಎಲ್ಲೂ ಕೂರುವುದಿಲ್ಲ.