ಇಂಥವರು ನಮಗೆ ತುಂಬ ಬೇಕಾದವರು

ಕತೆ, ಕವನ, ಸಿನಿಮಾ, ಕೊನೆಗೆ ಮದುವೆ ಕಾಗದವನ್ನೂ ವಿಮರ್ಶೆ ಮಾಡುವವರಿದ್ದಾರೆ. ಗುರುತಿಲ್ಲದ ವ್ಯಾಪಾರಿಗೆ ನಾವು ಬರೆಯುವ ಮೊದಲ ಇಮೇಲಿಗೆ ಮಾತ್ರ ವಿಮರ್ಶಕರು ಸಿಗಲಿಲ್ಲ. ಹಾಗಾಗಿ ಅದು ವರ್ಷಾನುಗಟ್ಟಲೆಯಿಂದ ಒಂದೇ ರೀತಿ ಇದೆ. ಮೊದಲ ಸಾಲಿನಲ್ಲಿ 'ಮೈಸೆಲ್ಫ್ ಇಂಥವನು', ಎರಡನೆಯದರಲ್ಲಿ 'ಇಂಥವರು ನಮಗೆ ತುಂಬ ಬೇಕಾದವರು', ಮೂರನೆಯದರಲ್ಲಿ 'ತಮ್ಮ ಸಹಕಾರ ಕೋರುತ್ತೇನೆ'. ಮೊದಲನೆಯದು ಬರೀ ಇಂಗ್ಲಿಷ್ ತಪ್ಪು, ಯಾರಿಗೂ ನಷ್ಟ ಇಲ್ಲ. ಮೂರನೆಯದರಲ್ಲಿ ಏನೂ ಇಲ್ಲ. ನನ್ನ ತಕರಾರು ಇರುವುದು ಎರಡನೆಯ ಸಾಲಿನ ಮೇಲೆ.

ಆ ಸಾಲು ಹುಟ್ಟಿದ್ದು ಎಲ್ಲಿಂದ ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮಂಡೆಕೋಲಿನಲ್ಲಿ ಹೊಸಬ ಯಾರಾದರೂ ಅಂಗಳಕ್ಕೆ ಬಂದರೆ ಅವನ ಹೆಸರು ಆಮೇಲೆ. ಮೊದಲು 'ಇಲ್ಲ್ ಓಲು?' ಮನೆ ಯಾವುದು ಗೊತ್ತಾದರೆ ತಂದೆ ಗೊತ್ತಾಗ್ತಾರೆ, ತಂದೆ ಗೊತ್ತಾದರೆ ಅಜ್ಜನ ಜಾಗದ ತಕರಾರಿನವರೆಗೂ ಎಲ್ಲ ಗೊತ್ತಾಗ್ತದೆ. ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಯಾವುದರಲ್ಲಿ ಕೇಳಿದರೂ ಪ್ರಶ್ನೆ ಅದೇ. ಆದರೆ ಅಂಗಳದಲ್ಲಿ ಹೇಳಿದ ಹೆಸರನ್ನು ಅಲ್ಲಿಯೇ ಪರೀಕ್ಷೆ ಮಾಡಬಹುದು. ನಾಲ್ಕು ಮಾತಾಡಿಸಿದರೆ ಸುಳ್ಳೋ ನಿಜವೋ ತಿಳಿಯುತ್ತದೆ. ಊರಿನಿಂದ ಹೊರಗೆ ಹೋಗುವವನ ಕೈಯಲ್ಲಿ ಹಿಂದೆ ಹಿರಿಯರು ಒಂದು ಚೀಟಿ ಕೊಡುತ್ತಿದ್ದರು, 'ಇದನ್ನು ತರುವವನು ನಮ್ಮವನೇ' ಎಂದು. ಆ ಚೀಟಿಯಲ್ಲಿ ಕೊಟ್ಟವರ ಅಕ್ಷರ ಇರುತ್ತಿತ್ತು, ಸಹಿ ಇರುತ್ತಿತ್ತು. ಇಮೇಲಿನಲ್ಲಿ ಆದ ಬದಲಾವಣೆ ಇಷ್ಟೇ: ಚೀಟಿಯನ್ನು ಈಗ ತರುವವನೇ ಬರೆಯುತ್ತಾನೆ. ಯಾರ ಹೆಸರು ಅದರಲ್ಲಿದೆಯೋ ಅವರಿಗೆ ಎಷ್ಟೋ ಸಲ ಸುದ್ದಿಯೇ ಇರುವುದಿಲ್ಲ.

ಸಹಿ ಹಾಕುವವರಿಗೆ ಅದು ಎಷ್ಟು ಭಾರದ ಕೆಲಸ ಅನ್ನುವುದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಸಾಕ್ಷಿ. 1777ರಲ್ಲಿ ಆತ ಪ್ಯಾರಿಸ್‌ನಲ್ಲಿದ್ದಾಗ, ಅಮೆರಿಕಕ್ಕೆ ಹೋಗುವ ಕಂಡಕಂಡವರೆಲ್ಲ ಶಿಫಾರಸು ಪತ್ರಕ್ಕಾಗಿ ಬಾಗಿಲಿಗೆ ಬರುತ್ತಿದ್ದರು. ಬೇಸತ್ತು ಒಂದು ಮಾದರಿ ಪತ್ರ ಬರೆದ. ಅದರ ತಾತ್ಪರ್ಯ: ಈ ಮನುಷ್ಯ ನನಗೆ ಗೊತ್ತಿಲ್ಲ, ಹೆಸರೂ ತಿಳಿಯದು, ಇವನ ಗುಣ ಹೇಗೆಂದು ಇವನನ್ನೇ ಕೇಳಿ, ನನಗಿಂತ ಅವನಿಗೇ ಅದು ಚೆನ್ನಾಗಿ ಗೊತ್ತಿರಬೇಕು! ನಗು ಬರ್ತದೆ. ಆದರೆ ನಾವು ಬರೆಯುವ 'ತುಂಬ ಬೇಕಾದವರು' ಸಾಲಿನ ಹಿಂದೆ ಹೆಚ್ಚುಕಡಿಮೆ ಇದೇ ಪತ್ರ ಅಡಗಿರುತ್ತದೆ.

ಈಗ ಒಂದು ಉದಾಹರಣೆ. ನಮ್ಮೂರಿನ ಹುಡುಗನೊಬ್ಬ ಸಾಲ ಮಾಡಿ ಹಾಳೆ ತಟ್ಟೆಯ ಮೆಷಿನ್ ಹಾಕಿದ್ದಾನೆ. ಅಡಿಕೆ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುವ ಕೆಲಸ. ಒಳ್ಳೆ ಹಾಳೆ ಸಿಗುವುದು ಬೇಸಿಗೆಯಲ್ಲಿ. ಮಳೆಗೆ ಬಿದ್ದದ್ದು ಬೂಸ್ಟು ಹಿಡಿಯುತ್ತದೆ. ಹಾಗಾಗಿ ಏಪ್ರಿಲ್ ಹೊತ್ತಿಗೆ ಅವನ ಶೆಡ್ಡಿನ ತುಂಬ ಹಾಳೆ, ಒತ್ತಿಟ್ಟ ತಟ್ಟೆ. ಸುಳ್ಯದ ಅಂಗಡಿಗಳಿಗೆ ಅಷ್ಟು ಬೇಡ. ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿಗೆ ಮೇಲ್ ಹಾಕಿದ. ಉತ್ತರ ಬರಲಿಲ್ಲ ಅಂತ ನನಗೆ ಕಳಿಸಿದ, 'ಅಣ್ಣ, ಒಮ್ಮೆ ನೋಡಿ' ಅಂತ. ಇಂಗ್ಲಿಷಿನಲ್ಲಿತ್ತು. ಸಾರಾಂಶ ಹೀಗೆ:

'ಮಾನ್ಯರೇ, ನಾನು ತಮ್ಮ ಬಂಧುಗಳಾದ ಇಂಥವರಿಗೆ ಅತ್ಯಂತ ಆತ್ಮೀಯನು. ಅವರು ತಮ್ಮ ಬಗ್ಗೆ ಬಹಳ ಹೇಳಿದ್ದಾರೆ. ನಾವು ಉತ್ಕೃಷ್ಟ ಗುಣಮಟ್ಟದ ಪರಿಸರಸ್ನೇಹಿ ಉತ್ಪನ್ನಗಳನ್ನು ತಯಾರಿಸುತ್ತೇವೆ. ದೀರ್ಘಕಾಲದ ವ್ಯಾವಹಾರಿಕ ಬಾಂಧವ್ಯ ಬಯಸುತ್ತೇವೆ.'

ವಿಮರ್ಶಕನ ಕಣ್ಣಿನಿಂದ ನೋಡಿದರೆ ಇದರಲ್ಲಿ 'ತಟ್ಟೆ' ಅನ್ನುವ ಶಬ್ದವೇ ಇಲ್ಲ. ಅದು ಸಣ್ಣ ದೋಷ. ದೊಡ್ಡದು, ಆ ಹೆಸರು. ಆ 'ಬಂಧುಗಳು' ಊರಿನ ಕಡೆಯ ದೊಡ್ಡ ಕುಳ, ನಾಲ್ಕು ಸಭೆಗಳಲ್ಲಿ ವೇದಿಕೆ ಹತ್ತುವವರು. ಹುಡುಗ ಅವರ ಮನೆಯ ಒಂದು ಪೂಜೆಗೆ ಹೋಗಿದ್ದ, ಅಷ್ಟೇ. ವ್ಯಾಪಾರಿ ಮೇಲ್ ಓದಿ ಮಾಡಿದ್ದು ಯಾರಾದರೂ ಮಾಡುವ ಕೆಲಸ: ಬಂಧುವಿಗೆ ಫೋನ್. ಅಲ್ಲಿಂದ ಬಂದ ಉತ್ತರ, 'ಹೌದಾ? ಯಾರು ಮಾರಾಯ? ಮಂಡೆಕೋಲಿನವರು ತುಂಬ ಜನ ಬರ್ತಾರಲ್ಲ.' ಅಲ್ಲಿಗೆ ಮೇಲಿನ ಕತೆ ಮುಗಿಯಿತು. ಇದು ಹುಡುಗನಿಗೆ ಗೊತ್ತಾದದ್ದು ಆ ಮನೆಯ ಕೆಲಸದವರಿಂದ. ನಮ್ಮೂರಿನಲ್ಲಿ ಇಂಥದ್ದು ಇಮೇಲಿಗಿಂತ ಬೇಗ ತಲುಪುತ್ತದೆ.

ಹಾಗಾದರೆ ಅಳತೆಗೋಲು ಇದೇ. ಓದುವವರು ಆ ಹೆಸರಿನವರಿಗೆ ಫೋನ್ ಮಾಡುತ್ತಾರೆ ಅಂತಲೇ ಇಟ್ಟುಕೊಂಡು ಬರೆಯಬೇಕು. ಫೋನಿನಲ್ಲಿ ಏನು ಕೇಳಿಸುತ್ತದೋ ಅದೇ ಮಾತು ಮೇಲಿನಲ್ಲಿ ಇರಬೇಕು, ಒಂದು ತೂಕ ಹೆಚ್ಚಿಲ್ಲ. ಈ ಗೋಲಿನಿಂದ ಅಳೆದರೆ 'ಆತ್ಮೀಯ' ಅನ್ನುವ ಶಬ್ದ ನಿಲ್ಲುವುದಿಲ್ಲ.

ಇಷ್ಟಕ್ಕೂ ಆತ್ಮೀಯತೆ ಬೇಕಾಗಿಯೇ ಇಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದಿದೆ (ಅದೇ ವರ್ಷ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ). ಬಾಸ್ಟನ್ ಹತ್ತಿರ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಆತ ವಿಚಾರಿಸಿದ್ದ: ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ? ಆಗಾಗ ಅಂದವರು 16.7 ಶೇಕಡ. ಅಪರೂಪಕ್ಕೊಮ್ಮೆ ಅಥವಾ ಸಿಗುವುದೇ ಕಡಿಮೆ ಅಂದವರು ಉಳಿದವರೆಲ್ಲ. ಕೆಲಸ ಕೊಡಿಸಿದ್ದು ಹೆಚ್ಚಾಗಿ ದೂರದ ಪರಿಚಯವೇ. ಕಾರಣ ಸರಳ: ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಜನರ ನಡುವೆ ಓಡಾಡುತ್ತಾರೆ. ಅವನ ಲೆಕ್ಕ ಕೆಲಸ ಹುಡುಕುವವರದ್ದು, ತಟ್ಟೆ ಮಾರುವವರದ್ದಲ್ಲ. ಆದರೂ ತೆಳುವಾದ ಪರಿಚಯವನ್ನು ತೆಳುವಾಗಿಯೇ ಹೇಳಿದರೆ ನಾಚಿಕೆಪಡುವಂಥದ್ದೇನಿಲ್ಲ ಅನ್ನುವಷ್ಟಕ್ಕೆ ಅದು ಸಾಕು.

ಹುಡುಗನ ಹತ್ತಿರ ಇನ್ನೊಂದು ಹೆಸರು ಇತ್ತು, ಅದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪುತ್ತೂರು ಕಡೆಯ ಅಡಿಗೆ ಭಟ್ರು. ಅವರು ಬೆಂಗಳೂರಿನಲ್ಲೂ ಮದುವೆ ಅಡಿಗೆ ಹಿಡಿಯುತ್ತಾರೆ, ಆಗ ಇದೇ ವ್ಯಾಪಾರಿಯ ಹತ್ತಿರ ತಟ್ಟೆ ಕೊಳ್ಳುತ್ತಾರೆ. ಊರಿನ ಮೂರು ಕಾರ್ಯಕ್ರಮಗಳಿಗೆ ಹುಡುಗನ ತಟ್ಟೆಯನ್ನೂ ಬಳಸಿದ್ದರು. ಮಾತ್ರ, ಭಟ್ರಿಗೆ ವೇದಿಕೆ ಇಲ್ಲ, ಕಾರು ಇಲ್ಲ. 'ಅವರ ಹೆಸರು ಹೇಳಿದರೆ ಯಾರು ಕೇಳ್ತಾರೆ ಅಣ್ಣ?' ಅಂದ. ವ್ಯಾಪಾರಿ ಕೇಳ್ತಾನೆ. ಬಿಸಿ ಸಾರು ಹಾಕಿದಾಗ ತಟ್ಟೆ ಸೋರುತ್ತದೋ ಇಲ್ಲವೋ ಅನ್ನುವುದು ದೊಡ್ಡ ಕುಳಕ್ಕೆ ಗೊತ್ತಿಲ್ಲ, ಭಟ್ರಿಗೆ ಗೊತ್ತು. ಹೆಸರಿನ ಬೆಲೆ ನಿರ್ಧಾರವಾಗುವುದು ಅಲ್ಲಿ.

ಹೆಸರು ಬಳಸುವ ಮೊದಲು ಭಟ್ರನ್ನು ಕೇಳಬೇಕು. ಕೇಳುವುದೂ ಬರೀ 'ನಿಮ್ಮ ಹೆಸರು ಹಾಕಲಾ?' ಅಂತ ಅಲ್ಲ, ಹಾಗೆ ಕೇಳಿದರೆ ದಾಕ್ಷಿಣ್ಯಕ್ಕೆ ಯಾರೂ ಹೂಂ ಅಂತಾರೆ. ಎರಡು ಪ್ರಶ್ನೆ ಬೇಕು. ಒಂದು, ಅವರು ಫೋನ್ ಮಾಡಿದರೆ ನೀವು ಏನು ಹೇಳ್ತೀರಿ? ಎರಡು, ನಿಮ್ಮದೂ ಅವರದೂ ಲೆಕ್ಕ ಸರಿ ಉಂಟಾ? ಈ ಎರಡನೆಯದನ್ನು ಕೇಳಲು ಸಂಕೋಚ. ಆದರೆ ಭಟ್ರ ಹೆಸರು ಆ ಅಂಗಡಿಯ ಬಾಕಿ ಪುಸ್ತಕದಲ್ಲಿದ್ದರೆ, ಮೇಲ್ ಹಾಕಿದವನು ಬಾಕಿದಾರನ ಕಡೆಯವನಾಗಿಬಿಡುತ್ತಾನೆ. ಭಟ್ರು ಹೇಳಿದರಂತೆ, 'ಲೆಕ್ಕ ಚುಕ್ತ ಉಂಟು. ದೊಡ್ಡ ತಟ್ಟೆ ಒಳ್ಳೆದಿತ್ತು ಅಂತ ಹೇಳ್ತೇನೆ. ಎಂಟು ಇಂಚಿನದ್ದು ಬಾಗ್ತದೆ, ಅದನ್ನೂ ಹೇಳ್ತೇನೆ.' ಇಂಥ ಉತ್ತರ ಸಿಕ್ಕಿದರೆ ಮೇಲ್ ಅರ್ಧ ಬರೆದಾಯಿತು. ಎಂಟು ಇಂಚಿನದ್ದನ್ನು ಮೇಲಿನಿಂದ ಬಿಟ್ಟೆವು. ಕನ್ನಡದಲ್ಲೇ ಬರೆದ, ವ್ಯಾಪಾರಿಯೂ ಕನ್ನಡದವರೇ ತಾನೇ.

ಸಬ್ಜೆಕ್ಟ್: ಪುತ್ತೂರಿನ ಅಡಿಗೆ ಭಟ್ರು ತಿಳಿಸಿದ್ದು, 10 ಮತ್ತು 12 ಇಂಚಿನ ಹಾಳೆ ತಟ್ಟೆ

'ಸರ್, ನಮಸ್ಕಾರ. ನಿಮ್ಮಲ್ಲಿ ತಟ್ಟೆ ಕೊಳ್ಳುವ ಅಡಿಗೆ ಭಟ್ರು ನಿಮ್ಮ ಇಮೇಲ್ ಕೊಟ್ಟರು. ಅವರ ಹೆಸರು ಹೇಳಿ ಬರೆಯಲು ಒಪ್ಪಿದ್ದಾರೆ. ಈ ಬೇಸಿಗೆಯಲ್ಲಿ ಅವರ ಮೂರು ಅಡಿಗೆಗೆ ಒಟ್ಟು 1,400 ತಟ್ಟೆ ಕೊಟ್ಟಿದ್ದೇನೆ, ನಮ್ಮ ಪರಿಚಯ ಅಷ್ಟು. ನನ್ನದು ಸುಳ್ಯ ತಾಲೂಕಿನ ಮಂಡೆಕೋಲು. ಒಂದು ಮೆಷಿನ್, ದಿನಕ್ಕೆ 300 ತಟ್ಟೆ. ಮಳೆಗಾಲದಲ್ಲಿ ದಾಸ್ತಾನು ಇದ್ದಷ್ಟು ಮಾತ್ರ ಕೊಡಬಲ್ಲೆ. ಎರಡೂ ಅಳತೆಯ ಒಟ್ಟು 25 ತಟ್ಟೆ ಸ್ಯಾಂಪಲ್ ಕಳಿಸಬಹುದೇ? ಯಾವ ವಿಳಾಸಕ್ಕೆ ಎಂದು ತಿಳಿಸಿದರೆ ಸಾಕು.'

ಮೊದಲ ಮೇಲಿಗಿಂತ ಇದರಲ್ಲಿ ವಿನಯ ಹೆಚ್ಚೇನಿಲ್ಲ. ಹೆಸರು ಸಬ್ಜೆಕ್ಟಿನಲ್ಲಿಯೇ ಉಂಟು, ಯಾಕೆಂದರೆ ಗುರುತಿಲ್ಲದ ವಿಳಾಸದ ಮೇಲನ್ನು ತೆರೆಯುವ ಮೊದಲು ಕಾಣುವುದು ಆ ಸಾಲು. 'ನಮ್ಮ ಪರಿಚಯ ಅಷ್ಟು' ಅನ್ನುವ ಮೂರು ಶಬ್ದ ನನಗೆ ಇಡೀ ಮೇಲಿನಲ್ಲಿ ಇಷ್ಟ. ಅದು ಭಟ್ರನ್ನೂ ಬಿಡುಗಡೆ ಮಾಡುತ್ತದೆ, ಓದುವವರನ್ನೂ. ಕೇಳಿದ್ದು ಒಂದೇ, ವಿಳಾಸ. ಬೇಡ ಅನ್ನುವುದಕ್ಕೂ ವ್ಯಾಪಾರಿಗೆ ದಾರಿ ಉಂಟು. ಭಟ್ರ ಮರ್ಯಾದೆಯ ಪ್ರಶ್ನೆ ಬರುವುದಿಲ್ಲ.

ಭಟ್ರನ್ನು ಸಿಸಿಯಲ್ಲಿ ಹಾಕುತ್ತೇನೆ ಅಂತ ಹುಡುಗ ಹೊರಟಿದ್ದ. ಬೇಡ ಅಂದೆ. ಸಿಸಿಯಲ್ಲಿ ಹೆಸರಿದ್ದರೆ ಭಟ್ರು ಎದುರು ಬಂದು ಕುಳಿತ ಹಾಗೆ. ವ್ಯಾಪಾರಿ ಅವರ ಮುಖ ನೋಡಿಕೊಂಡೇ ಇಲ್ಲ ಅನ್ನಬೇಕು. ಹಾಗೆ ಒತ್ತಿ ಪಡೆದ ಉತ್ತರ ಹೆಚ್ಚಾಗಿ 'ನೋಡೋಣ' ಆಗಿರುತ್ತದೆ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಪರಿಚಯದವರು ತಾವೇ ಇಬ್ಬರಿಗೂ ಒಟ್ಟಿಗೆ ಮೇಲ್ ಬರೆದು ಪರಿಚಯಿಸಿದರೆ ಮಾತು ಬೇರೆ. ಆಗ ತಡಮಾಡದೆ ಉತ್ತರಿಸಿ, ಒಂದು ಧನ್ಯವಾದ ಹೇಳಿ, ಅವರನ್ನು ಬಿಸಿಸಿಗೆ ಸರಿಸಬೇಕು. ಉತ್ತರ ಹೋಯಿತು ಅಂತ ಅವರಿಗೆ ಗೊತ್ತಾಗ್ತದೆ, ಮುಂದಿನ ಸಾಗಾಟದ ಚರ್ಚೆ ಅವರ ಇನ್‌ಬಾಕ್ಸಿಗೆ ಬೀಳುವುದಿಲ್ಲ.

ಎರಡು ದಿನದಲ್ಲಿ ವಿಳಾಸ ಬಂತು, ಒಂದೇ ಸಾಲು. ಫೋನ್ ಮೊದಲೇ ಹೋಗಿತ್ತು, ಭಟ್ರು ಹೇಳಬೇಕಾದ್ದನ್ನು ಹೇಳಿದ್ದರು. ಸ್ಯಾಂಪಲ್ ನೋಡಿ ವ್ಯಾಪಾರಿ 12 ಇಂಚಿನದ್ದು ಬೇಡ ಅಂದರು, ಅಂಚು ಸಮ ಇಲ್ಲವಂತೆ. 10 ಇಂಚಿನದ್ದು 2,000 ಕೇಳಿದ್ದಾರೆ, ಅದೂ ಪರೀಕ್ಷೆಗೆ. ಶೆಡ್ಡಿನಲ್ಲಿ ಅದಕ್ಕಿಂತ ತುಂಬ ಹೆಚ್ಚು ಉಂಟು. ಭಟ್ರ ಹೆಸರು ಬಾಗಿಲಿನವರೆಗೆ ಬಂತು, ಅಂಚು ಸಮ ಮಾಡುವುದು ಅಚ್ಚಿನ ಕೆಲಸ. ದೊಡ್ಡ ಕುಳದ ಹೆಸರಿನಿಂದಲೂ ಅದು ಆಗುತ್ತಿರಲಿಲ್ಲ.

ಪಾರ್ಸೆಲ್ ಕಳಿಸಿದ ದಿನ ಹುಡುಗ ಭಟ್ರಿಗೆ ಫೋನ್ ಮಾಡಿ 2,000ದ ವಿಷಯವನ್ನೂ ಬೇಡವಾದ ಅಳತೆಯನ್ನೂ ಹೇಳಿದ್ದಾನೆ. ಭಟ್ರು ಕೇಳಿದ್ದು ಎಂಟು ಇಂಚಿನ ಅಚ್ಚು ರಿಪೇರಿ ಆಯ್ತಾ ಅಂತ.