ಹಲಗೆ ತೆಗೆಯದ ಕಟ್ಟ

ನಾರಾವಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಬರೆದ ಮಕ್ಕಳ ಕಥೆಯೊಂದು ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಜೆರಾಕ್ಸ್ ಪ್ರತಿಗಳಲ್ಲಿ ಸುತ್ತುತ್ತಿದೆ. ಅದಕ್ಕೆ ಶೀರ್ಷಿಕೆ ಇಲ್ಲ, ಎಲ್ಲರೂ ‘ಕಟ್ಟದ ಕಥೆ’ ಎನ್ನುತ್ತಾರೆ. ಮಾಸ್ತರರು ತಮ್ಮ ಹೆಸರನ್ನೂ ಹಾಕಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ. ಮಕ್ಕಳ ಶಿಬಿರಗಳಲ್ಲಿ ಇದನ್ನು ಓದಿಸಿ, ರಕ್ತ ಹೆಪ್ಪುಗಟ್ಟುವುದನ್ನು ಕನ್ನಡದಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದು ಹೊಗಳುವವರಿದ್ದಾರೆ. ಕಥೆ ಒಳ್ಳೆಯದೇ. ಆದರೆ ಹೊಗಳಿಕೆ ಬಿದ್ದಿರುವುದು ತಪ್ಪು ಪುಟದ ಮೇಲೆ.

ಕಥೆ ಇಷ್ಟು. ಆಷಾಢದ ಒಂದು ಸಂಜೆ ತೋಡು ದಾಟುವಾಗ ಏಳು ವರ್ಷದ ಹುಡುಗನ ಪಾದಕ್ಕೆ ಗಾಜು ತಾಗುತ್ತದೆ. ಐದು ನಿಮಿಷದಲ್ಲಿ ರಕ್ತ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಪಾದ ಕೆಂಪಾಗಿ, ಬಿಸಿಯಾಗಿ ಊದಿದೆ. ರಕ್ತ ನಿಂತ ಮೇಲೆ ಇದೇನು ಹೊಸ ಉಪದ್ರ ಎಂದು ಅವನು ಅಳುತ್ತಾನೆ. ಅಜ್ಜ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಿಂಡಿ ಅಣೆಕಟ್ಟಿಗೂ ಬೈಲು ಗದ್ದೆಗೂ ಕರೆದೊಯ್ಯುತ್ತಾನೆ.

ಎಲ್ಲರೂ ಮೆಚ್ಚಿರುವುದು ಅಣೆಕಟ್ಟಿನ ಭಾಗವನ್ನು. ಮಳೆ ಕಳೆದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸುವುದನ್ನು, ನಡುವೆ ಮಣ್ಣು ತುಂಬಿ ತುಳಿಯುವುದನ್ನು ಅಜ್ಜ ವಿವರಿಸುತ್ತಾನೆ. ನಿನ್ನ ಕಾಲಿನಲ್ಲೂ ಹೀಗೇ ಕಟ್ಟ ಕಟ್ಟಿದೆ ಎನ್ನುತ್ತಾನೆ. ಕೇಳಲು ಚಂದ. ಆದರೆ ಕಟ್ಟಕ್ಕೆ ಹಲಗೆ ಬರುವುದು ಕೊಟ್ಟಿಗೆಯಿಂದ, ಮಣ್ಣು ಬರುವುದು ದಡದಿಂದ. ರಕ್ತ ಹಾಗಲ್ಲ, ಅದು ತನ್ನ ಕಟ್ಟದ ಸಾಮಾನನ್ನು ತನ್ನೊಳಗೇ ಕರಗಿಸಿಕೊಂಡು ಹರಿಯುತ್ತದೆ. ನಾಳದ ಒಳಪದರ ಹರಿದು ಅದರಡಿಯ ನಾರು ರಕ್ತಕ್ಕೆ ತಾಗಿದ ಕ್ಷಣ ಪ್ಲೇಟ್‌ಲೆಟ್‌ಗಳು ಅಲ್ಲಿ ಅಂಟುತ್ತವೆ, ಒಂದನ್ನೊಂದು ಕರೆದು ಗುಂಪಾಗುತ್ತವೆ. ಹಿಂದೆಯೇ, ಅಲ್ಲಿಯವರೆಗೆ ನೀರಿನಂತೆ ಹರಿಯುತ್ತಿದ್ದ ಫೈಬ್ರಿನೋಜನ್ ಎಂಬ ಪ್ರೊಟೀನು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ, ಬಲೆಗೆ ಕೆಂಪು ಕಣಗಳು ಸಿಕ್ಕಿಕೊಳ್ಳುತ್ತವೆ. ಹೊಳೆಯ ನೀರೇ ಹಲಗೆಯಾದಂತೆ!

ಇದಕ್ಕೆ ಹೊಂದುವ ಚಿತ್ರ ಮಾಸ್ತರರ ಕೈಯಲ್ಲೇ ಇತ್ತು. ಕಥೆಯ ಮೊದಲ ವಾಕ್ಯದಲ್ಲೇ ಕಿಂಡಿಯ ಕಂಬಕ್ಕೆ ಒಂದು ಮರದ ಕೊಂಬೆ ಸಿಕ್ಕಿಕೊಂಡಿದೆ, ಅದಕ್ಕೆ ಬಳ್ಳಿ, ಬಳ್ಳಿಗೆ ತರಗೆಲೆ. ಹೊಳೆ ತಾನೇ ಹೊತ್ತು ತಂದ ಕಸದಿಂದ ತಾನೇ ಕಟ್ಟಿಕೊಂಡ ಕಟ್ಟ ಅದು. ಅದನ್ನು ಬರೀ ಮಳೆಯ ವರ್ಣನೆಗೆ ಬಳಸಿ ಕೈಬಿಟ್ಟಿದ್ದಾರೆ.

ಕಥೆಯ ನಿಜವಾದ ಸಾಧನೆ ಯಾರೂ ಮಾತಾಡದ ಗದ್ದೆಯ ಪುಟದಲ್ಲಿದೆ. ತೋಡು ತುಂಬಿ ಹರಿಯುತ್ತಿದೆ. ಅಜ್ಜ ಹಾರೆ ತೆಗೆದುಕೊಂಡು, ತಾನೇ ಕಟ್ಟಿದ ಪುಣಿಯನ್ನು ತಾನೇ ಮೂರು ಕಡೆ ಕಡಿದು ಕಂಡಿ ಬಿಡುತ್ತಾನೆ. ನೀರು ಬೈಲಿಗೆ ಹರಡುತ್ತದೆ. ನೀವೇ ಯಾಕೆ ಒಡೆದದ್ದು ಎಂದು ಹುಡುಗ ಕೇಳುತ್ತಾನೆ. ಅಜ್ಜ ಉತ್ತರಿಸುವುದಿಲ್ಲ, ಊದಿದ ಪಾದವನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಾನೆ. ಆಗ ಹುಡುಗ, ಹಾಗಾದರೆ ಇದನ್ನೂ ಒಳಗಿನಿಂದಲೇ ಯಾರೋ ಬಿಟ್ಟದ್ದಾ, ಎನ್ನುತ್ತಾನೆ.

ಉರಿಯೂತವನ್ನು ಕುರಿತು ಮಗುವಿಗೆ ತಿಳಿಯಬೇಕಾದ ಕಷ್ಟದ ಸಂಗತಿ ಇದೊಂದೇ. ಊತ ಗಾಜು ಮಾಡಿದ್ದಲ್ಲ, ಮೈ ಮಾಡಿದ್ದು. ಗಾಯದ ಸುತ್ತಲಿನ ಮಾಸ್ಟ್ ಕಣಗಳು ಹಿಸ್ಟಮಿನ್ ಸುರಿಯುತ್ತವೆ. ಕಿರುನಾಳಗಳು ಹಿಗ್ಗಿ ಹೆಚ್ಚು ರಕ್ತ ಬರುತ್ತದೆ, ಕೆಂಪೂ ಬಿಸಿಯೂ ಅದರಿಂದ. ಅತಿ ಸಣ್ಣ ಅಭಿಧಮನಿಗಳ ಗೋಡೆಯ ಕಣಗಳು ಕುಗ್ಗಿ ನಡುವೆ ಸಂದು ಬಿಡುತ್ತವೆ, ಅದೇ ಕಂಡಿ. ಅಲ್ಲಿಂದ ಪ್ರೊಟೀನು ತುಂಬಿದ ರಕ್ತರಸ ಹೊರಗೆ ಸೋರಿ ಜಾಗ ಉಬ್ಬುತ್ತದೆ. ಕೆಲವು ಗಂಟೆಗಳೊಳಗೆ ಬಿಳಿ ಕಣಗಳು ನಾಳದ ಗೋಡೆಯ ಮೇಲೆ ಉರುಳಿ, ಅಂಟಿ, ಸಂದಿನಲ್ಲಿ ನುಸುಳಿ ಕೊಳೆಯ ಕಡೆ ಹೋಗುತ್ತವೆ.

ಹೋಲಿಕೆ ಇಲ್ಲಿ ಕುಂಟುತ್ತದೆ ಎಂದು ನೀವು ಹೇಳಬಹುದು. ಅಜ್ಜ ಕಂಡಿ ಬಿಡುವುದು ನೀರಿನ ಒತ್ತಡ ತಗ್ಗಿಸಲು, ಮೈ ಬಿಡುವುದು ಸಹಾಯ ತಲುಪಿಸಲು. ನನಗೂ ಮೊದಲ ಓದಿಗೆ ಹಾಗೇ ಅನ್ನಿಸಿತು. ಮತ್ತೆ ಓದಿದಾಗ ಮುಂದಿನ ಸಾಲು ಕಂಡಿತು. ನೀರಿನ ಜೊತೆ ಮೀನು ಗದ್ದೆಗೆ ಹತ್ತುತ್ತದೆ, ಹುಳ ತಿನ್ನುತ್ತದೆ. ಮಳೆಗೆ ಗದ್ದೆಯಲ್ಲಿ ಮೀನು ಹಿಡಿದವರಿಗೆ ಈ ಸಾಲಿನ ಬೆಲೆ ಗೊತ್ತು. ಮಾಸ್ತರರು ಅದರ ಮೇಲೆ ಒಂದು ಮಾತೂ ಆಡಿಲ್ಲ, ಅದು ಅವರ ಸಂಯಮ.

ಇಲ್ಲಿ ನನ್ನ ಜಗಳ ಬೇರೆಯವರ ಜೊತೆ. ಹುಡುಗರಿಗೆ ಗದ್ದೆ ಗೊತ್ತಿಲ್ಲ, ಸೈನಿಕ–ಶತ್ರು–ಯುದ್ಧ ಅಂತ ಹೇಳಿದರೆ ಬೇಗ ತಿಳಿಯುತ್ತದೆ ಎಂದು ಒಬ್ಬ ವಿಮರ್ಶಕ ಮಿತ್ರರು ಸಭೆಯೊಂದರಲ್ಲಿ ಹೇಳಿದರು. ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ ತಂದಾಗ ಕನ್ನಡದ ಮಕ್ಕಳು ಜಗತ್ತನ್ನೇ ಅರಗಿಸಿಕೊಳ್ಳಬಲ್ಲರೆಂದು ನಂಬಿದ್ದರು, ಇವರಿಗೆ ಪಕ್ಕದ ಗದ್ದೆಯ ಮೇಲೂ ನಂಬಿಕೆಯಿಲ್ಲ. ಸೈನ್ಯದ ಕಥೆ ಹೇಳಿದರೆ ಊತ ಎಂದರೆ ಶತ್ರು ಗೆಲ್ಲುತ್ತಿರುವ ಲಕ್ಷಣ ಎಂದೇ ಮಗು ತಿಳಿಯುತ್ತದೆ. ತಾನು ಕಟ್ಟಿದ್ದನ್ನು ತಾನೇ ಕಡಿಯುವ ಸೈನಿಕನನ್ನು ನಾನಂತೂ ಕಂಡಿಲ್ಲ. ಅಲ್ಲದೆ ಮೂರು ದಿನಕ್ಕೆ ಇಳಿಯುವ ನೀರಿಗೂ ವಾರಗಟ್ಟಲೆ ನಿಂತು ನೇಜಿ ಕೊಳೆಸುವ ನೀರಿಗೂ ಇರುವ ವ್ಯತ್ಯಾಸ ಯುದ್ಧದಲ್ಲಿ ಎಲ್ಲಿದೆ? ಕೆಂಪು ದಿನದಿನಕ್ಕೆ ಹರಡಿದರೆ, ಜ್ವರ ಬಂದರೆ, ಕೀವು ಕಟ್ಟಿದರೆ ಡಾಕ್ಟರಲ್ಲಿಗೆ ಹೋಗಬೇಕೆಂದು ಅಜ್ಜ ಹೇಳುವುದು ಈ ವ್ಯತ್ಯಾಸ ತೋರಿಸಿದ ಮೇಲೆಯೇ.

ಇಷ್ಟು ತಿಳಿದ ಅಜ್ಜ ಕಟ್ಟದ ಅರ್ಧ ಕಥೆಯನ್ನು ಮರೆತದ್ದು ಹೇಗೆ? ಹಲಗೆ ಇಳಿಸುವುದನ್ನು ಹೇಳಿದವನು ತೆಗೆಯುವುದನ್ನು ಹೇಳುವುದೇ ಇಲ್ಲ. ಮಳೆಗೆ ಮೊದಲು ಹಲಗೆ ಕೀಳದಿದ್ದರೆ ನೀರು ತೋಟಕ್ಕೆ ನುಗ್ಗುತ್ತದೆ. ಕಿಂಡಿಗೆ ಸಿಕ್ಕಿದ ಮರವನ್ನು ಬಿಡಿಸದಿದ್ದರೂ ಅಷ್ಟೇ. 2019ರ ಆಗಸ್ಟಿನ ನೆರೆಯಲ್ಲಿ ಚಾರ್ಮಾಡಿ, ದಿಡುಪೆ ಕಡೆ ದಿಮ್ಮಿಯೂ ಮರಳೂ ಬಂದು ತೋಟಗಳಲ್ಲಿ ನಿಂತದ್ದನ್ನು ಬೆಳ್ತಂಗಡಿ ತಾಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. ರಕ್ತದಲ್ಲೂ ಬಿಡಿಸುವ ಏರ್ಪಾಡಿದೆ. ಹೆಪ್ಪು ಕಟ್ಟುವಾಗಲೇ ಪ್ಲಾಸ್ಮಿನೋಜನ್ ಅದರೊಳಗೆ ಸೇರಿಕೊಂಡಿರುತ್ತದೆ. ಮುಂದೆ ಅದು ಪ್ಲಾಸ್ಮಿನ್ ಆಗಿ ಫೈಬ್ರಿನ್ ಬಲೆಯನ್ನು ಕತ್ತರಿಸುತ್ತದೆ. ಗಾಯವಾಗದ ಕಡೆ ನಾಳದ ಒಳಪದರವೇ ಹೆಪ್ಪು ಹಬ್ಬದಂತೆ ತಡೆಯುತ್ತದೆ. ಈ ತಡೆ ಸೋತು, ರಕ್ತವೂ ನಿಧಾನವಾಗಿ ಹರಿದರೆ ಗಾಯವೇ ಇಲ್ಲದ ಕಡೆ ಕಟ್ಟ ಬೀಳುತ್ತದೆ.

ಅದನ್ನು ತೋರಿಸಬಹುದಾಗಿದ್ದ ಪಾತ್ರವೂ ಕಥೆಯಲ್ಲಿದೆ. ಮೊದಲ ಪುಟದಲ್ಲಿ ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿಯಿದ್ದಾಳೆ, ಆಮೇಲೆ ಅವಳ ಸುದ್ದಿಯೇ ಇಲ್ಲ. ವಾರಗಟ್ಟಲೆ ಮಲಗಿದವರ ಒಂದೇ ಮೀನಖಂಡ ಊದಿ ನೋಯುವುದು ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ಲಕ್ಷಣ. ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಮೊಮ್ಮಗನ ಪಾದದ ಊತ, ಅಜ್ಜಿಯ ಕಾಲಿನ ಊತ ಎರಡನ್ನೂ ಒಂದೇ ಜಗಲಿಯಲ್ಲಿ ಇಟ್ಟಿದ್ದರೆ, ಎಲ್ಲ ಊತವೂ ಒಂದೇ ಅಲ್ಲವೆಂದು ಹುಡುಗನಿಗೂ ಓದುವವರಿಗೂ ತಿಳಿಯುತ್ತಿತ್ತು. ಈಗ ಓದಿ ಮುಗಿಸಿದ ಮಗು ಹೆಪ್ಪು ಯಾವಾಗಲೂ ಒಳ್ಳೆಯದೆಂದು ನಂಬಿ ಏಳುತ್ತದೆ.

ಮಾಸ್ತರರೇ, ಗದ್ದೆಯ ಪುಟದ ಒಂದಕ್ಷರವನ್ನೂ ಮುಟ್ಟಬೇಡಿ. ಹಲಗೆಯ ಪುಟವನ್ನು ಮಾತ್ರ ಹರಿದು ಹೊಸದಾಗಿ ಬರೆಯಿರಿ, ಅಜ್ಜಿಯನ್ನು ಒಮ್ಮೆ ಮಾತಾಡಿಸಿ. ನಿಮ್ಮ ಊರಿನಲ್ಲಿ ಹಲಗೆ ಕೀಳುವುದು ಮೇ ತಿಂಗಳಲ್ಲಿ, ಮಕ್ಕಳಿಗೂ ಆಗ ರಜೆ.